ಕೋಡ್ ಕೊಟ್ಟವನದೂ ತಪ್ಪೇ!

ಒಂದು ರಾತ್ರಿ ಚಿಕ್ಕಮ್ಮನ ಮಗ ಅಮೆರಿಕದಿಂದ ಫೋನ್ ಮಾಡಿದ. ಎಂಎಸ್ ಮಾಡೋಕೆ ಅಂತ ಹೋಗಿ ಎರಡೇ ತಿಂಗಳಾಗಿತ್ತು. "ಅಣ್ಣ, ಮನೇಲಿ ಹೇಳ್ಬೇಡ. ಪ್ರೊಫೆಸರ್ ಮೇಲ್ ಬಂದಿದೆ. ನನ್ನ ಅಸೈನ್‌ಮೆಂಟೂ ರೂಮ್‌ಮೇಟ್‌ದೂ ಒಂದೇ ಥರ ಇದೆಯಂತೆ. ನಾನು ಕಾಪಿ ಹೊಡೆದಿಲ್ಲ ಅಣ್ಣ. ಅವನು ಕೇಳ್ದ, ಕೊಟ್ಟೆ ಅಷ್ಟೇ."

ಆ "ಕೊಟ್ಟೆ ಅಷ್ಟೇ" ನನಗೆ ಚೆನ್ನಾಗಿ ಅರ್ಥವಾಯ್ತು. ಇಂಜಿನಿಯರಿಂಗ್‌ನ ನಾಲ್ಕು ವರ್ಷ ನಾನೂ ಕೊಟ್ಟಿದ್ದೇನೆ, ತಗೊಂಡಿದ್ದೇನೆ. ಕ್ಲಾಸಲ್ಲಿ ಒಬ್ಬ ಅಸೈನ್‌ಮೆಂಟ್ ಬರೆದರೆ ಅರವತ್ತು ಜನಕ್ಕೆ ಸಾಕು. ಲ್ಯಾಬ್ ರೆಕಾರ್ಡ್ ಅಂತೂ ಸೀನಿಯರ್ ಬಿಟ್ಟು ಹೋದದ್ದನ್ನೇ ನೋಡಿ ಬರೆಯೋದು. ಹಾಗಂತ ನಮಗೆ ನೀತಿ ಇರಲಿಲ್ಲ ಅಂತಲ್ಲ. ಪರೀಕ್ಷೆ ಹಾಲ್‌ನಲ್ಲಿ ಚೀಟಿ ಇಟ್ಟವನನ್ನು ನಾವೂ ಕೀಳಾಗಿಯೇ ನೋಡುತ್ತಿದ್ದೆವು. ಆದರೆ ರೆಕಾರ್ಡ್ ಕೊಡದೆ ಬಚ್ಚಿಟ್ಟುಕೊಂಡವನು ಅವನಿಗಿಂತ ಕೆಟ್ಟವನು. ಕೊಡೋದು ಅಂದ್ರೆ ಸ್ನೇಹ.

ಇದಕ್ಕೊಂದು ಕಾರಣವೂ ಇತ್ತು. ನಮ್ಮಲ್ಲಿ ಹಣೆಬರಹ ತೀರ್ಮಾನ ಆಗುತ್ತಿದ್ದದ್ದು ಕೊನೆಯ ಪರೀಕ್ಷೆಯಲ್ಲಿ. ಅಸೈನ್‌ಮೆಂಟ್ ಬರೀ ಶಾಸ್ತ್ರಕ್ಕೆ. ತಮ್ಮ ಸೇರಿದ ಕೋರ್ಸ್‌ನಲ್ಲಿ ಅರ್ಧ ಗ್ರೇಡ್ ಹೋಮ್‌ವರ್ಕ್‌ನಿಂದಲೇ ಬರುತ್ತೆ. ಅಂದ್ರೆ ಅಲ್ಲಿ ಹೋಮ್‌ವರ್ಕೇ ಪರೀಕ್ಷೆ. ರೂಮಿನ ಟೇಬಲ್ಲೇ ಪರೀಕ್ಷೆ ಹಾಲ್. ನಾವು ಎಳೆದುಕೊಂಡಿದ್ದ ಗೆರೆ ಅಲ್ಲೂ ಇದೆ, ಆದರೆ ಬೇರೆ ಜಾಗದಲ್ಲಿ. ಕೋರ್ಸ್‌ನ ಸಿಲಬಸ್‌ನಲ್ಲಿ ಅದನ್ನು ಬರೆದೂ ಇದ್ದರು: ಐಡಿಯಾ ಚರ್ಚಿಸಬಹುದು, ಕೋಡ್ ತೋರಿಸೋ ಹಾಗಿಲ್ಲ, ಕೊಟ್ಟವರಿಗೂ ತಗೊಂಡವರಿಗೂ ಒಂದೇ ನಿಯಮ. ಇವನು ಅದನ್ನು ಓದಿರಲಿಲ್ಲ. ಸಿಲಬಸ್ ಅಂದ್ರೆ ಚಾಪ್ಟರ್‌ಗಳ ಪಟ್ಟಿ ಅಂತ ತಾನೇ ನಾವು ತಿಳಿದಿರೋದು?

ಆಗಿದ್ದು ಇಷ್ಟು. ರಾತ್ರಿ 11:59ಕ್ಕೆ ಸಬ್ಮಿಷನ್. ಹನ್ನೊಂದಕ್ಕೆ ರೂಮ್‌ಮೇಟ್ "ಒಂದ್ಸಲ ನೋಡಿ ಕೊಡ್ತೀನಿ ಮಗಾ" ಅಂದ. ಇವನು ವಾಟ್ಸಾಪ್‌ನಲ್ಲಿ ಜಿಪ್ ಫೈಲ್ ಕಳಿಸಿದ. ಅವನು ಹೆಸರುಗಳನ್ನೆಲ್ಲ ಬದಲಿಸಿ, ಕಾಮೆಂಟ್ ಹಾಕಿ, ಫಂಕ್ಷನ್‌ಗಳನ್ನು ಹಿಂದೆ ಮುಂದೆ ಮಾಡಿ ಸಬ್ಮಿಟ್ ಮಾಡಿದ. ಈ ಥರ:

```c
int cnt = 0;
for (int i = 0; i < n; i++)
    if (a[i] > x) cnt++;
```

```c
/* count the bigger ones */
int total = 0;
for (int k = 0; k < size; k++)
    if (arr[k] > limit) total++;
```

ನಮ್ಮ ಕಣ್ಣಿಗೆ ಇವೆರಡೂ ಬೇರೆ. ಆದರೆ 1994ರಲ್ಲಿ ಅಲೆಕ್ಸ್ ಐಕನ್ ರೂಪಿಸಿದ, ಸ್ಟ್ಯಾನ್‌ಫರ್ಡ್‌ನಿಂದ ಮೇಷ್ಟ್ರುಗಳಿಗೆ ಸಿಗುವ ಒಂದು ಟೂಲ್ ಇದೆ. ಹೆಸರು ಮಾಸ್, ನಮ್ಮ ಸಿನಿಮಾದ ಮಾಸ್ ಅಲ್ಲ. ಅದು ವೇರಿಯಬಲ್ ಹೆಸರು, ಖಾಲಿ ಜಾಗ, ಕಾಮೆಂಟ್ ಯಾವುದನ್ನೂ ಲೆಕ್ಕಕ್ಕೇ ತಗೊಳ್ಳಲ್ಲ. ಉಳಿದದ್ದನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟು, ಅದರಲ್ಲಿ ಕೆಲವನ್ನು ಬೆರಳಚ್ಚಿನ ಹಾಗೆ ಇಟ್ಟುಕೊಂಡು ಎಲ್ಲರ ಕೋಡ್ ಜೊತೆ ಹೋಲಿಸುತ್ತೆ. ಅದಕ್ಕೆ ಮೇಲಿನ ಎರಡೂ ಒಂದೇ. ತುಂಡು ಫೈಲ್‌ನಲ್ಲಿ ಎಲ್ಲಿದ್ದರೂ ಸಿಕ್ಕಿಬೀಳುತ್ತೆ, ಹಾಗಾಗಿ ಫಂಕ್ಷನ್ ಹಿಂದೆ ಮುಂದೆ ಮಾಡಿಯೂ ಪ್ರಯೋಜನ ಇಲ್ಲ. ಮೇಷ್ಟ್ರು ಬೇಕಿದ್ದರೆ ಹಿಂದಿನ ವರ್ಷಗಳ ಕೋಡನ್ನೂ ಅದೇ ರಾಶಿಗೆ ಹಾಕಬಹುದು.

ಹಾಗಂತ ಮೂರು ಸಾಲಿನ ಲೂಪ್ ಒಂದೇ ಥರ ಇದ್ದರೆ ಯಾರೂ ಕರೆಸಲ್ಲ, ಅದನ್ನು ಕ್ಲಾಸೆಲ್ಲ ಹಾಗೇ ಬರೆಯುತ್ತೆ. ಮೇಷ್ಟ್ರೇ ಕೊಟ್ಟ ಆರಂಭದ ಕೋಡನ್ನೂ ಲೆಕ್ಕದಿಂದ ಬಿಡಿಸಬಹುದು. ಟೂಲ್ "ಇವೆರಡನ್ನು ನೋಡಿ" ಅನ್ನುತ್ತೆ ಅಷ್ಟೇ, ತೀರ್ಪು ಮನುಷ್ಯರದ್ದು. ಇವನ ವಿಷಯದಲ್ಲಿ ಪ್ರೊಫೆಸರ್ ತೋರಿಸಿದ್ದು ಎರಡು ಸಾಕ್ಷಿ. ಖಾಲಿ ಫೈಲ್ ಕೊಟ್ಟರೆ ಎರಡೂ ಪ್ರೋಗ್ರಾಂ ಒಂದೇ ಜಾಗದಲ್ಲಿ ಕ್ರ್ಯಾಶ್ ಆಗುತ್ತಿತ್ತು. ಇವನು ಬರೆದು ಬಳಸದೇ ಬಿಟ್ಟಿದ್ದ ಒಂದು ಫಂಕ್ಷನ್ ಅವನ ಕೋಡಲ್ಲೂ ಸುಮ್ಮನೆ ಕೂತಿತ್ತು. ಸರಿ ಉತ್ತರ ಇಬ್ಬರಿಗೂ ಹೊಳೆಯಬಹುದು, ಒಂದೇ ತಪ್ಪು ಒಂದೇ ಥರ ಹೊಳೆಯೋದು ಕಷ್ಟ.

ಇಬ್ಬರಿಗೂ ಆ ಹೋಮ್‌ವರ್ಕ್‌ಗೆ ಸೊನ್ನೆ, ಯೂನಿವರ್ಸಿಟಿ ಫೈಲ್‌ನಲ್ಲಿ ಒಂದು ಎಚ್ಚರಿಕೆ. ಇನ್ನೊಂದು ಸಲ ಆದರೆ ಸಸ್ಪೆನ್ಷನ್ ಅಂದರು. ಅಲ್ಲಿನ ಹುಡುಗನಿಗೆ ಸಸ್ಪೆನ್ಷನ್ ಅಂದ್ರೆ ಒಂದು ಸೆಮಿಸ್ಟರ್ ಮನೆಗೆ ಹೋಗೋದು. ಎಫ್-1 ವೀಸಾದಲ್ಲಿ ಇರುವವನಿಗೆ ಹಾಗಲ್ಲ. ಪೂರ್ಣಾವಧಿ ಓದುತ್ತಿದ್ದರೆ ಮಾತ್ರ ಅಲ್ಲಿರುವ ಹಕ್ಕು. ಓದು ನಿಂತರೆ ಸ್ಟೇಟಸ್ ಹೋಗುತ್ತೆ, ದೇಶ ಬಿಡಬೇಕು. ಚಿಕ್ಕಪ್ಪ ಮನೆ ಅಡ ಇಟ್ಟು ಸಾಲ ಮಾಡಿದ್ದಾರೆ. ಅವನ ಗಂಟಲು ಕಟ್ಟಿದ್ದು ಅದಕ್ಕೇ.

ಕೋಡ್ ಆಯ್ತು ಅನ್ನುವಷ್ಟರಲ್ಲಿ ಎರಡನೇ ಸೆಮಿಸ್ಟರ್‌ನಲ್ಲಿ ರಿಪೋರ್ಟ್ ಬಂತು. ಅವನು ಡ್ರಾಫ್ಟ್ ಕಳಿಸಿ "ಅಣ್ಣ, ಸಿಮಿಲಾರಿಟಿ ಎಂಟೇ ಪರ್ಸೆಂಟ್, ಸೇಫ್ ಅಲ್ವಾ?" ಅಂದ. ಈ ಪರ್ಸೆಂಟ್ ಲೆಕ್ಕವೂ ಊರಿಂದ ಹೊತ್ತುಕೊಂಡು ಹೋದದ್ದೇ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಹಾಗಾಗಿ ಹತ್ತರ ಕೆಳಗೆ ಇಳಿಸೋದೇ ಕೆಲಸ ಅಂತ ಇಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅವನ ಪ್ರೊಫೆಸರ್ ನೋಡೋದು ಸಂಖ್ಯೆಯನ್ನಲ್ಲ, ವಾಕ್ಯವನ್ನು. ಅವನು ಮಾಡಿದ್ದನ್ನು ಕನ್ನಡದಲ್ಲಿ ಹೇಳೋದಾದರೆ ಹೀಗೆ.

ಮೂಲ: ಕ್ಯಾಶ್‌ನ ಗಾತ್ರ ಹೆಚ್ಚಿಸಿದಂತೆ ಮೊದಲು ವೇಗ ಚೆನ್ನಾಗಿ ಏರುತ್ತದೆ, ಆದರೆ ಒಂದು ಹಂತದ ನಂತರ ಲಾಭ ಕಡಿಮೆಯಾಗುತ್ತದೆ.

ಇವನದು: ಕ್ಯಾಶ್‌ನ ಸೈಜ್ ಜಾಸ್ತಿ ಮಾಡಿದಂತೆ ಆರಂಭದಲ್ಲಿ ವೇಗ ಚೆನ್ನಾಗಿ ಏರುತ್ತದೆ, ಆದರೆ ಒಂದು ಹಂತದ ಬಳಿಕ ಪ್ರಯೋಜನ ಕಡಿಮೆಯಾಗುತ್ತದೆ [4].

ಕೊನೆಗೆ [4] ಅಂತ ಹಾಕಿದ್ದಾನಲ್ಲ, ಇನ್ನೇನು? ಆ ನಂಬರ್ ಹೇಳೋದು ವಿಚಾರ ಅವರದ್ದು ಅಂತ. ವಾಕ್ಯ ಮಾತ್ರ ನನ್ನದು ಅಂತ ಓದುವವರು ತಿಳಿಯುತ್ತಾರೆ. ಇಲ್ಲಿ ವಾಕ್ಯದ ಮೂಳೆಯೂ ಅವರದ್ದೇ, ಐದು ಪದದ ಬಟ್ಟೆ ಮಾತ್ರ ಬೇರೆ. ಅವರ ಮಾತೇ ಬೇಕಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಇಲ್ಲವೇ ಪೇಪರ್ ಮುಚ್ಚಿಟ್ಟು, ಅರ್ಥವಾದದ್ದನ್ನು ನೆನಪಿಂದ ಬರೆದು, ಆಮೇಲೆ ತೆರೆದು ಸರಿಯಿದೆಯಾ ಅಂತ ನೋಡಬೇಕು. ಅವನು ಹಾಗೆ ಬರೆದದ್ದು: "ನಮ್ಮ ಪ್ರಯೋಗಕ್ಕೆ ಅತಿ ದೊಡ್ಡ ಕ್ಯಾಶ್ ಆರಿಸಿಲ್ಲ, ಯಾಕಂದ್ರೆ ಗಾತ್ರಕ್ಕೆ ತಕ್ಕಷ್ಟು ವೇಗ ಕೊನೆಯವರೆಗೂ ಸಿಗಲ್ಲ ಅಂತ [4] ತೋರಿಸಿದೆ." ಈಗ ಮೂಲದ ವಿಚಾರ ಇವನ ಕೆಲಸಕ್ಕೆ ಯಾಕೆ ಬೇಕು ಅನ್ನೋದೂ ಬಂತು. ಮುಚ್ಚಿಟ್ಟು ಬರೆಯೋಕೆ ಆಗಲಿಲ್ಲ ಅಂದ್ರೆ ಪೇಪರ್ ಅರ್ಥವಾಗಿಲ್ಲ ಅಂತಲೇ.

ಕೋಡ್‌ಗೂ ಇದೇ ಮದ್ದು. ಗೆಳೆಯರ ಜೊತೆ ಬೋರ್ಡ್ ಮೇಲೆ ಬರೆದು ಚರ್ಚಿಸು, ಎದ್ದು ಹೋಗುವಾಗ ಬೋರ್ಡ್ ಒರೆಸು, ಫೋಟೋ ತಗೋಬೇಡ. ಅರ್ಧ ಗಂಟೆ ಏನಾದರೂ ಸಂಬಂಧ ಇಲ್ಲದ್ದು ನೋಡಿ, ಆಮೇಲೆ ಒಬ್ಬನೇ ಬರೆ. ಇದಕ್ಕೆ ಅಲ್ಲಿ ಹಳೆಯ ಟಿವಿ ಕಾಮಿಡಿಯೊಂದರ ಹೆಸರಲ್ಲಿ 'ಗಿಲ್ಲಿಗನ್ಸ್ ಐಲೆಂಡ್ ನಿಯಮ' ಅಂತಾನೇ ಕರೀತಾರೆ. ಫೈಲ್‌ನ ಮೇಲೆ ಎರಡು ಸಾಲು ಹಾಕು:

```c
// Discussed hash table resizing with: (classmate's name)
// strtok usage adapted from: (page URL)
```

ಹೆಸರು ಹಾಕಿದರೆ ಮಾರ್ಕ್ಸ್ ಹೋಗುತ್ತೆ ಅಂತ ಅವನಿಗೆ ಭಯ ಇತ್ತು. ಚರ್ಚೆಗೆ ಅನುಮತಿ ಇರುವ ಕೋರ್ಸ್‌ನಲ್ಲಿ ಹೆಸರು ಹಾಕಿದರೆ ಅದು ರಕ್ಷಣೆ, ಬಿಟ್ಟರೇ ಅಪಾಯ. ಯಾವ ಕೋರ್ಸ್ ಎಷ್ಟು ಬಿಡುತ್ತೆ ಅನ್ನೋದು ಬೇರೆ ಬೇರೆ. ಸಿಲಬಸ್‌ನಲ್ಲಿ ಸ್ಪಷ್ಟ ಇಲ್ಲದಿದ್ದರೆ ಮೊದಲೇ ಟಿಎಗೆ ಮೇಲ್ ಹಾಕಿ ಕೇಳಬೇಕು. ತಪ್ಪಾಗಿಯೇ ಹೋದರೆ, ಹಾರ್ವರ್ಡ್‌ನ ಸಿಎಸ್50 ಥರದ ಕೋರ್ಸ್‌ನಲ್ಲಿ 72 ಗಂಟೆಯೊಳಗೆ ತಾನಾಗಿ ಒಪ್ಪಿಕೊಂಡವರ ವಿಷಯವನ್ನು ಕೋರ್ಸ್‌ನ ಒಳಗೇ ಮುಗಿಸುವ ಅವಕಾಶ ಇದೆ. ಎಲ್ಲ ಕಡೆ ಈ ಸೌಲಭ್ಯ ಇಲ್ಲ.

ಮೊನ್ನೆ ಫೋನ್‌ನಲ್ಲಿ ಮಾತಾಡುವಾಗ ಹಿಂದಿನಿಂದ ರೂಮ್‌ಮೇಟ್ ದನಿ ಕೇಳಿಸಿತು, ಏನೋ ಡೌಟಂತೆ. ನಮ್ಮವನು ಹೇಳಿದ: "ಬಾ ಮಗಾ, ಮಾತಾಡೋಣ. ಲ್ಯಾಪ್‌ಟಾಪ್ ಒಳಗಿಟ್ಟು ಬಾ."