ಮಿನಿಮಮ್ ಕಟ್ಟಿದ್ದೀನಲ್ಲಕ್ಕಾ!

ಮೇ 19ರ ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಮಗಳಿಂದ ವಾಟ್ಸ್ಆ್ಯಪ್‌ಗೆ ಒಂದು ಸ್ಕ್ರೀನ್‌ಶಾಟ್ ಬಂತು. ಅದರ ಕೆಳಗೆ ಸಿಟ್ಟಿನ ಮುಖದ ಮೂರು ಇಮೋಜಿ. "ಅಕ್ಕಾ, ಟೈಮಿಗೆ ಸರಿಯಾಗಿ ಕಟ್ಟಿದ್ರೂ ಬ್ಯಾಂಕ್‌ನವರು ಎರಡೂವರೆ ಸಾವಿರ ಲೇಟ್ ಫೀ ಹಾಕಿದ್ದಾರೆ. ನಾಳೆ ಬೆಳಗ್ಗೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳ ಆಡ್ತೀನಿ."

ನಾನು ಹತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವಳು. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೆ ಏನು ಬಿಲ್ ಬಂದರೂ ಅದು ಕೊನೆಗೆ ನನ್ನ ಫೋನಿಗೇ ಬರುತ್ತೆ. ಮೊದಲು ಅವಳಿಗೆ ಹೇಳಿದ್ದು, "ಕಾರ್ಡ್ ನಂಬರ್ ಇರೋ ಜಾಗ ಮುಚ್ಚಿ ಇನ್ನೊಂದ್ಸಲ ಕಳಿಸು, ಜೊತೆಗೆ ಎರಡನೇ ಪುಟಾನೂ ಕಳಿಸು ಕಣೆ." ಸ್ಕ್ರೀನ್‌ಶಾಟ್ ತೆಗೆಯುವಾಗ ಎಲ್ಲರೂ ಮೇಲಿನ ದೊಡ್ಡ ಅಕ್ಷರದ ಪೆಟ್ಟಿಗೆಯನ್ನಷ್ಟೇ ತೆಗೀತಾರೆ. ನಿಜವಾದ ಕಥೆ ಇರೋದು ಕೆಳಗೆ, ವ್ಯವಹಾರಗಳ ಪಟ್ಟಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಎರಡನೇ ಪುಟ ಬಂತು. ಅಲ್ಲಿದ್ದ ಸಾಲು `Late Payment Fee` ಅಲ್ಲ, `Finance Charges`. ಅದರ ಎದುರು 2,460.17 ರೂಪಾಯಿ. ಅದರ ಕೆಳಗೆ ಜಿಎಸ್‌ಟಿ 442.83. ಲೇಟ್ ಫೀ ಅನ್ನೋ ಸಾಲೇ ಇರಲಿಲ್ಲ. ಅಂದರೆ ಇವಳು ಜಗಳ ಆಡೋಕೆ ಹೊರಟಿದ್ದು ಬ್ಯಾಂಕ್ ಹಾಕದೇ ಇದ್ದ ದಂಡದ ಬಗ್ಗೆ. ಹಾಕಿದ್ದು ಬಡ್ಡಿ.

"ಅದ್ಹೇಗಕ್ಕಾ ಬಡ್ಡಿ? ಮಿನಿಮಮ್ ಕಟ್ಟಿದ್ದೀನಲ್ಲ!"

ಅವಳ ಲೆಕ್ಕ ಹೀಗಿತ್ತು. ಮಾರ್ಚ್ 20ಕ್ಕೆ ಆ ಕಾರ್ಡ್‌ನಲ್ಲಿ 40,000 ರೂಪಾಯಿಯ ಲ್ಯಾಪ್‌ಟಾಪ್ ತಗೊಂಡಳು. ಬೇರೆ ಏನೂ ಖರ್ಚಿಲ್ಲ. ಏಪ್ರಿಲ್ 12ಕ್ಕೆ ಬಿಲ್ ಬಂತು. `Total Amount Due` 40,000, `Minimum Amount Due` 2,000, ಕಟ್ಟಬೇಕಾದ ಕೊನೇ ದಿನ ಮೇ 2. ಅವಳ ಸೇವಿಂಗ್ಸ್ ಖಾತೆಯಲ್ಲಿ 45,000 ಇತ್ತು. ಆದರೆ ಅದು ಪಿಜಿ ಬಿಟ್ಟು ಗೆಳತಿಯ ಜೊತೆ ಬಾಡಿಗೆ ಮನೆಗೆ ಹೋಗೋಕೆ ಅಡ್ವಾನ್ಸ್ ಅಂತ ಕೂಡಿಟ್ಟ ದುಡ್ಡು. ಹೇಗೂ ಬ್ಯಾಂಕೇ "ಇಷ್ಟು ಕಟ್ಟಿದ್ರೆ ಸಾಕು" ಅಂತಿದೆಯಲ್ಲ ಅಂದುಕೊಂಡು, ಮೇ 2ಕ್ಕೆ ಸರಿಯಾಗಿ 2,000 ಕಟ್ಟಿದಳು. ಮೇ 12ಕ್ಕೆ ಮುಂದಿನ ಬಿಲ್ ಬಂತು, ಟೋಟಲ್ ಡ್ಯೂ 40,903 ರೂಪಾಯಿ. ಎರಡು ಸಾವಿರ ಕಟ್ಟಿ, ಒಂದು ಪೈಸೆ ಖರ್ಚು ಮಾಡದೇ, ಸಾಲ ಒಂಬೈನೂರು ಮೂರು ರೂಪಾಯಿ ಹೆಚ್ಚಾಗಿದೆ.

ಮಿನಿಮಮ್ ಡ್ಯೂ ಕಟ್ಟೋದರಿಂದ ಸಿಗೋದು ಎರಡೇ. ಲೇಟ್ ಫೀ ಬೀಳಲ್ಲ, ಕ್ರೆಡಿಟ್ ಸ್ಕೋರ್ ಕೊಡೋ ಸಂಸ್ಥೆಗಳಿಗೆ "ಇವರು ಕಟ್ಟಿಲ್ಲ" ಅಂತ ವರದಿ ಹೋಗಲ್ಲ. ಬಡ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಬಡ್ಡಿ ಬೀಳಬಾರದು ಅಂದ್ರೆ ಕೊನೇ ದಿನದೊಳಗೆ ಟೋಟಲ್ ಡ್ಯೂ ಪೂರ್ತಿ ಕಟ್ಟಬೇಕು. ಕಾರ್ಡ್ ಕೊಡುವಾಗ ಹೇಳೋ ಬಡ್ಡಿರಹಿತ ದಿನಗಳು ಆ ಷರತ್ತಿಗೆ ಕಟ್ಟುಬಿದ್ದಿರುತ್ತವೆ. ಪೂರ್ತಿ ಕಟ್ಟಲಿಲ್ಲ ಅಂದ್ರೆ ಬಡ್ಡಿ ಶುರುವಾಗೋದು ಮೇ 2ರಿಂದ ಅಲ್ಲ, ಲ್ಯಾಪ್‌ಟಾಪ್ ತಗೊಂಡ ಮಾರ್ಚ್ 20ರಿಂದ. ಇದನ್ನ ಕೇಳಿದಾಗ ಅವಳು ಒಂದು ನಿಮಿಷ ಏನೂ ಟೈಪ್ ಮಾಡಲಿಲ್ಲ.

ನಂಬಿಕೆ ಬರಲಿ ಅಂತ ಕ್ಯಾಲ್ಕುಲೇಟರ್ ತೆಗೆಸಿದೆ. ಅವಳ ಕಾರ್ಡ್‌ನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ಕೇಳೋಕೆ ಚಿಕ್ಕದು, ವರ್ಷಕ್ಕೆ 42. ನಲವತ್ತು ಸಾವಿರಕ್ಕೆ ವರ್ಷದ ಬಡ್ಡಿ 16,800. ಅದನ್ನ 365ರಿಂದ ಭಾಗಿಸಿದ್ರೆ ದಿನಕ್ಕೆ 46 ರೂಪಾಯಿ ಚಿಲ್ಲರೆ. ಮಾರ್ಚ್ 20ರಿಂದ ಮೇ 1ರವರೆಗೆ 43 ದಿನ, ಅಂದರೆ 1,979 ರೂಪಾಯಿ. ಮೇ 2ಕ್ಕೆ ಎರಡು ಸಾವಿರ ಕಟ್ಟಿದ ಮೇಲೆ ಉಳಿದ 38,000ಕ್ಕೆ, ಮೇ 12ರವರೆಗೆ 11 ದಿನಕ್ಕೆ 481. ಎರಡೂ ಸೇರಿದ್ರೆ ಬಿಲ್‌ನಲ್ಲಿದ್ದ ಅದೇ 2,460. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 443. (ಬಡ್ಡಿಗೂ ತೆರಿಗೆನಾ ಅಂತ ಕೇಳಬೇಡಿ, ಕ್ರೆಡಿಟ್ ಕಾರ್ಡ್ ಬಡ್ಡಿಗೆ ಹೌದು.)

ಮೊದಲ ಪುಟದ ಪೆಟ್ಟಿಗೆಯನ್ನೂ ಈಗ ಓದಬಹುದು. ಹಿಂದಿನ ಬಾಕಿ 40,000, ಅದರಲ್ಲಿ ಕಟ್ಟಿದ್ದು 2,000 ಕಳೆ, ಹೊಸ ಖರೀದಿ ಸೊನ್ನೆ, ಬಡ್ಡಿ ಮತ್ತು ತೆರಿಗೆ 2,903 ಕೂಡು. ಉತ್ತರ 40,903 ಬರಲೇಬೇಕು. ಬರಲಿಲ್ಲ ಅಂದ್ರೆ ಆಗ ಫೋನ್ ಮಾಡಿ ಜಗಳ ಆಡಬಹುದು.

ಅವಳಿಗೆ ಇನ್ನೊಂದು ಅನುಮಾನ. "ಮಿನಿಮಮ್ ಯಾಕಕ್ಕಾ ಈ ಸಲ 4,803 ಆಗಿದೆ? ಮೊದಲು ಎರಡೇ ಸಾವಿರ ಇತ್ತು." ಅವಳ ಬ್ಯಾಂಕ್ ಅಸಲಿನ ಐದು ಪರ್ಸೆಂಟ್ ತಗೊಂಡು, ಅದಕ್ಕೆ ಬಡ್ಡಿ ಮತ್ತು ತೆರಿಗೆಯನ್ನ ಪೂರ್ತಿ ಸೇರಿಸುತ್ತೆ. 38,000ದ ಐದು ಪರ್ಸೆಂಟ್ 1,900, ಜೊತೆಗೆ 2,903. ಅಂದರೆ ಈ ಸಲವೂ ಮಿನಿಮಮ್ ಕಟ್ಟಿದ್ದರೆ 4,803 ಕೊಟ್ಟು ಅಸಲು ಇಳಿಯುತ್ತಿದ್ದದ್ದು 1,900 ಮಾತ್ರ.

ಹಾಗಾದ್ರೆ ಲೇಟ್ ಫೀ ಯಾವಾಗ? ಮಿನಿಮಮ್ ಕೂಡ ಕಟ್ಟದೇ ಇದ್ದಾಗ. ಕೊನೇ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ಅದನ್ನ ಹಾಕಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬಾಕಿ ಎಷ್ಟಿದೆ ಅನ್ನೋದರ ಮೇಲೆ ಅದು ಒಂದೇ ಸಲ ಬೀಳೋ ನಿಗದಿತ ಮೊತ್ತ, ಅದಕ್ಕೂ ಜಿಎಸ್‌ಟಿ. ಯಾವತ್ತೂ ತಪ್ಪದವರು ಒಮ್ಮೆ ಮರೆತು, ಕೂಡಲೇ ಕಟ್ಟಿ ಕೇಳಿಕೊಂಡರೆ ಕೆಲವೊಮ್ಮೆ ವಾಪಸ್ ಮಾಡ್ತಾರೆ. ಬಡ್ಡಿ ಹಾಗಲ್ಲ, ಅದು ದಿನ ಎಣಿಸಿ ಹಾಕಿದ್ದು. ಅದಕ್ಕೇ ಎರಡು ಸಾಲನ್ನೂ ಗುರುತು ಹಿಡಿಯದೇ ಫೋನ್ ಮಾಡಿದ್ರೆ, ಆ ಕಡೆಯವರು "ಮೇಡಂ, ನಿಮಗೆ ಲೇಟ್ ಫೀ ಹಾಕೇ ಇಲ್ಲ" ಅಂತ ಹೇಳಿ ಇಟ್ಟುಬಿಡ್ತಾರೆ. ಅವರು ಹೇಳಿದ್ದು ಸುಳ್ಳೂ ಅಲ್ಲ.

ಮುಂದೇನು ಅಂತ ಮಾತಾಡಿದಾಗ ಕಷ್ಟ ಶುರುವಾಯ್ತು. "ಅಡ್ವಾನ್ಸ್ ದುಡ್ಡು ಮುಟ್ಟಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ" ಅಂದಳು. ಸೇವಿಂಗ್ಸ್ ಖಾತೆಯಲ್ಲಿ ಆ ದುಡ್ಡಿಗೆ ವರ್ಷಕ್ಕೆ ಸಿಗೋದು ಮೂರು ಪರ್ಸೆಂಟ್‌ನ ಆಸುಪಾಸು, ಇಲ್ಲಿ ಹೋಗ್ತಿರೋದು 42. ಬಾಕಿ ಪೂರ್ತಿ ತೀರೋವರೆಗೆ ಆ ಕಾರ್ಡ್‌ನಲ್ಲಿ ತರಕಾರಿ ತಗೊಂಡ್ರೂ ಅವತ್ತಿನಿಂದಲೇ ಬಡ್ಡಿ. ದುಡ್ಡು ಇಲ್ಲದೇ ಇದ್ದಿದ್ರೆ ಬಾಕಿಯನ್ನ ಇಎಂಐ ಮಾಡಿಸು ಅಂತಿದ್ದೆ, ಅದರ ಬಡ್ಡಿ ಇದಕ್ಕಿಂತ ಕಡಿಮೆ ಇರುತ್ತೆ. ಇವಳ ಹತ್ರ ಇತ್ತು. ಚಿಕ್ಕಮ್ಮನಿಗೆ ನಾನೇ ಹೇಳ್ತೀನಿ ಅಂದೆ.

ಮೇ 20ಕ್ಕೆ ಬೆಳಗ್ಗೆ 40,903 ಕಟ್ಟಿದಳು. ಆ್ಯಪ್‌ನಲ್ಲಿ ಕಟ್ಟೋಕೆ ಹೋದಾಗ ಮೊದಲೇ ಟಿಕ್ ಆಗಿದ್ದು ಮಿನಿಮಮ್ ಅಂತೆ, ಅದನ್ನ ಬದಲಾಯಿಸಿ ಟೋಟಲ್ ಒತ್ತಬೇಕಾಯ್ತು. ಕೊನೇ ದಿನದವರೆಗೆ ಕಾಯಬೇಡ ಅಂತಲೂ ಹೇಳಿದ್ದೆ, ಬಡ್ಡಿ ದಿನದ ಲೆಕ್ಕ ತಾನೇ.

ಜೂನ್ 12ಕ್ಕೆ ಮತ್ತೆ ಸ್ಕ್ರೀನ್‌ಶಾಟ್. ಟೋಟಲ್ ಡ್ಯೂ 361.18. ಈ ಸಲ ಇಮೋಜಿ ಇರಲಿಲ್ಲ. "ಮೇ 13ರಿಂದ 19, ಏಳು ದಿನ, 38,000ಕ್ಕೆ ಬಡ್ಡಿ 306, ಮೇಲೆ ಜಿಎಸ್‌ಟಿ. ಸರೀನಾ ಅಕ್ಕಾ?" ಅಂತ ಅವಳೇ ಬರೆದಿದ್ದಳು. ಬಾಡಿಗೆ ಮನೆ ಆಗಸ್ಟ್‌ಗೆ ಹೋಯ್ತು. ಗೆಳತಿ ಕಾಯ್ತಾಳಂತೆ.