‘ಅರ್ಥವಾಗಲಿಲ್ಲ’ ಎಂದ ಮೇಲೆ

ರಾತ್ರಿ ಹತ್ತರ ಹೊತ್ತು. ಯುಪಿಐ ಆ್ಯಪ್ ಒಂದರ ಸಹಾಯ ಚಾಟ್‌ನಲ್ಲಿ ಒಬ್ಬರು `duddu hoytu avrige bandilla` ಎಂದು ಬರೆಯುತ್ತಾರೆ ಎನ್ನಿ. ನಮಗೆ ನಿಮಗೆ ಇದು ನೀರು ಕುಡಿದಷ್ಟು ಸಲೀಸು. ಬಾಟ್‌ಗೆ ಕಲಿಸಿರುವುದು ಇಂಗ್ಲಿಷ್ ವಾಕ್ಯಗಳು ಮತ್ತು ಕನ್ನಡ ಲಿಪಿಯ ಒಂದಿಷ್ಟು ವಾಕ್ಯಗಳು ಮಾತ್ರ. ಅದು ಈ ಸಾಲನ್ನು ತನಗೆ ಗೊತ್ತಿರುವ ಒಂದೊಂದು ಬಗೆಯ ದೂರಿನೊಂದಿಗೂ ಹೋಲಿಸಿ ಅಂಕ ಹಾಕುತ್ತದೆ. ‘ಹಣ ಕಟ್ ಆಗಿದೆ, ತಲುಪಿಲ್ಲ’ ಎಂಬುದಕ್ಕೆ 0.27, ‘ರಿಫಂಡ್ ಯಾವಾಗ’ ಎಂಬುದಕ್ಕೆ 0.24 ಬಂತೆಂದುಕೊಳ್ಳಿ. ಬಾಟ್ ಕಟ್ಟಲು ಹಲವರು ಬಳಸುವ ರಾಸಾದಲ್ಲಿ ಮೊದಲೇ ಇಟ್ಟಿರುವ ಮಿತಿ 0.3. ಅದಕ್ಕಿಂತ ಕಡಿಮೆಯಾದರೆ ಸಂದೇಶಕ್ಕೆ `nlu_fallback` ಎಂಬ ಮುದ್ರೆ ಬೀಳುತ್ತದೆ. ಮುಂದೇನು ಮಾಡಬೇಕೆಂಬಲ್ಲಿ ಬಾಟ್ ಕಟ್ಟುವವರು ಎರಡು ಪಾಳಯವಾಗುತ್ತಾರೆ.

ಒಂದು ಪಾಳಯದ ಪ್ರಕಾರ ಬಾಟ್ ಇನ್ನೊಮ್ಮೆ ಪ್ರಯತ್ನಿಸಬೇಕು. ಅವರ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ದಿನಕ್ಕೆ 2,000 ಚಾಟ್ ಬಂದು, ಅದರಲ್ಲಿ 300 ಅರ್ಥವಾಗದೆ ಉಳಿದವು ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ ಆರು ನಿಮಿಷವೆಂದರೆ 30 ಗಂಟೆಯ ಕೆಲಸ. ಊಟ, ವಿರಾಮ ಕಳೆದು ಒಬ್ಬರಿಗೆ ಸಿಗುವುದು ಆರು ಗಂಟೆ. ಅಂದರೆ ಐದು ಜನ ಬೇಕು. ಬಾಟ್ ಒಂದು ಪ್ರಶ್ನೆ ಕೇಳಿ ಅವುಗಳಲ್ಲಿ 120ನ್ನು ಬಗೆಹರಿಸಿದರೆ ಮೂವರು ಸಾಕು. ಉಳಿದವರೂ ಸಾಲಿನಲ್ಲಿ ಅಷ್ಟು ಹೊತ್ತು ಕಾಯಬೇಕಿಲ್ಲ. ಇನ್ನೊಂದು ಮಾತೂ ಇದೆ. ಮೇಲಿನ ದೂರಿಗೆ ಮನುಷ್ಯರೇ ಕೂತಿದ್ದರೂ ಹೇಳುವುದು ರಿಸರ್ವ್ ಬ್ಯಾಂಕಿನ 2019ರ ನಿಯಮವನ್ನೇ: ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಹಣ ತಲುಪದಿದ್ದರೆ ವ್ಯವಹಾರದ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಹೇಳಲು ಬೆಳಗಾಗುವವರೆಗೆ ಕಾಯಿಸುವುದೇಕೆ?

ಆದರೆ ಆ ಎರಡನೇ ಪ್ರಯತ್ನ ಹೇಗಿರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ದಯವಿಟ್ಟು ಬೇರೆ ರೀತಿಯಲ್ಲಿ ಕೇಳಿ’ ಎನ್ನುವುದು ಅತಿ ಸೋಮಾರಿ ಉತ್ತರ. ತಪ್ಪು ತಮ್ಮದೇ ಇರಬೇಕೆಂದುಕೊಂಡು ಜನ ಅದೇ ಮಾತನ್ನು ಉದ್ದ ಮಾಡಿ ಬರೆಯುತ್ತಾರೆ, ಅಂಕ ಇನ್ನೂ ಇಳಿಯಬಹುದು. ಬದಲಿಗೆ ಬಾಟ್ ತನ್ನ ಊಹೆಯನ್ನೇ ಮುಂದಿಡಬಹುದು: ‘ಸರಿಯಾಗಿ ತಿಳಿಯಲಿಲ್ಲ. ಇವುಗಳಲ್ಲಿ ಯಾವುದು?’ ಕೆಳಗೆ ಮೂರು ಬಟನ್: ‘ಹಣ ಕಟ್ ಆಗಿದೆ, ತಲುಪಿಲ್ಲ’, ‘ರಿಫಂಡ್ ಬಂದಿಲ್ಲ’, ‘ಸಿಬ್ಬಂದಿ ಜೊತೆ ಮಾತಾಡಬೇಕು’. 0.27 ಪಡೆದ ಊಹೆ ಮಿತಿಗಿಂತ ಕೆಳಗಿದ್ದರೂ ಸರಿಯೇ ಇತ್ತು. ಬಟನ್ ಒತ್ತಿದರೆ ಕೆಲಸ ಮುಗಿಯಿತು.

ಇನ್ನೊಂದು ಪಾಳಯ ಹೇಳುವುದು: ಮೊದಲ ಸೋಲಿಗೇ ಮನುಷ್ಯರಿಗೆ ಒಪ್ಪಿಸಿ. ಇವರ ಗಟ್ಟಿ ವಾದ ಲೆಕ್ಕಪುಸ್ತಕದ ಮೋಸದ ಬಗ್ಗೆ. ಸಿಬ್ಬಂದಿಗೆ ಹೋಗದ ಚಾಟ್‌ಗಳನ್ನೆಲ್ಲ ಬಾಟ್ ಬಗೆಹರಿಸಿದ್ದು ಎಂದು ಬರೆದುಕೊಳ್ಳುವ ರೂಢಿ ಹಲವೆಡೆ ಇದೆ. ಬೇಸತ್ತು ಆ್ಯಪ್ ಮುಚ್ಚಿದವರೂ ಆ ಲೆಕ್ಕದಲ್ಲಿ ತೃಪ್ತ ಗ್ರಾಹಕರು! ನಿಜ ಗೊತ್ತಾಗಬೇಕಾದರೆ ಅದೇ ಗ್ರಾಹಕ 24 ಗಂಟೆಯೊಳಗೆ ಮತ್ತೆ ಚಾಟ್‌ಗೆ ಬಂದರೇ, ಫೋನ್ ಮಾಡಿದರೇ ಎಂದು ನೋಡಬೇಕು. ಎರಡನೆಯದಾಗಿ, `yaro OTP kelidru kotbitte` ಎಂಬ ಸಾಲಿಗೂ ಬಾಟ್ 0.27 ಅಂಕವನ್ನೇ ಕೊಟ್ಟೀತು. ಅಂಕ ಒಂದೇ ಆದರೂ ಇಲ್ಲಿ ತಡವಾದ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಇಂಥಲ್ಲಿ ಬಟನ್ ತೋರಿಸುತ್ತ ಕೂರುವುದು ತಪ್ಪು. OTP, mosa, hack ಥರದ ಪದಗಳನ್ನು ಅಂಕ ಹಾಕುವ ಮೊದಲೇ ಹಿಡಿದು, ಸೈಬರ್ ವಂಚನೆಯ ಸಹಾಯವಾಣಿ 1930ನ್ನು ತೋರಿಸಿ, ನೇರ ಸಿಬ್ಬಂದಿಗೆ ಕಳಿಸಬೇಕು.

ಈ ಪಾಳಯ ಮರೆಯುವುದು ಒಂದಿದೆ. ಒಪ್ಪಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ನಾನು ಹೀಗೆ ಒಮ್ಮೆ ಬಾಟ್ ದಾಟಿ ಮನುಷ್ಯರವರೆಗೆ ತಲುಪಿದ್ದೆ. ಆ ಕಡೆಯಿಂದ ಬಂದ ಮೊದಲ ಸಾಲು: ‘ನಮಸ್ಕಾರ, ಏನು ಸಹಾಯ ಬೇಕು?’ ಮತ್ತೆ ಆರಂಭದಿಂದ ಹೇಳಿದೆ. ಅವರಿಗೆ ಕನ್ನಡ ಬಾರದು ಎಂದು ತಿಳಿದದ್ದು ಅದಾದ ಮೇಲೆ. ಸಿಬ್ಬಂದಿಯ ಪರದೆಗೆ ಗ್ರಾಹಕ ಬರೆದ ಮೂಲ ಸಾಲು, ಒತ್ತಿದ ಬಟನ್, 12 ಅಂಕಿಯ ಯುಪಿಐ ವ್ಯವಹಾರ ಸಂಖ್ಯೆ, ಬಾಟ್‌ನ ಎರಡು ಊಹೆ, ಯಾವ ಭಾಷೆ ಎಂಬ ಗುರುತು ಇಷ್ಟೂ ಹೋಗಬೇಕು. ರಾತ್ರಿ ಯಾರೂ ಇಲ್ಲವಾದರೆ ‘ಸಂಪರ್ಕಿಸುತ್ತಿದ್ದೇವೆ’ ಎಂದು ಚುಕ್ಕಿ ಕುಣಿಸುವುದು ಬೇಡ. ‘ಬೆಳಗ್ಗೆ 8ಕ್ಕೆ ಸಿಬ್ಬಂದಿ ಬರುತ್ತಾರೆ, ನಿಮ್ಮ ದೂರಿನ ಸಂಖ್ಯೆ ಇದು’ ಎನ್ನಲಿ.

ತೂಗಿ ನೋಡಿದರೆ ನನ್ನ ಓಟು ಒಂದೇ ಒಂದು ಮರುಪ್ರಶ್ನೆಗೆ, ಅದೂ ಬಟನ್ ರೂಪದಲ್ಲಿ. ಅದೂ ಸೋತರೆ ಮನುಷ್ಯರಿಗೆ. ವಂಚನೆಯ ಸುಳಿವಿದ್ದರೆ ಆ ಒಂದೂ ಬೇಡ. ಹಾಗೆಯೇ ವಾರಕ್ಕೊಮ್ಮೆ ಕನ್ನಡ ಬಲ್ಲವರೊಬ್ಬರು `nlu_fallback` ಬಿದ್ದ ಸಾಲುಗಳನ್ನು ಓದಿ, `duddu hoytu` ಎಂಬಂಥವನ್ನು ಸರಿಯಾದ ದೂರಿನ ಕೆಳಗೆ ಸೇರಿಸಿ ಬಾಟ್‌ಗೆ ಮತ್ತೆ ಕಲಿಸಬೇಕು. ಇಲ್ಲವಾದರೆ ಮುಂದಿನ ವಾರವೂ ಅದೇ ಸಾಲಿಗೆ ಅದೇ 0.27 ಬರುತ್ತದೆ.