ಚಹಾಕ್ಕೆ ಕರೆಯುವ ನಾಲ್ಕು ಸಾಲು

"ಒಮ್ಮೆ ಮನೆಗೆ ಬನ್ನಿ" ಎಂಬ ಮಾತು ನಮ್ಮಲ್ಲಿ ದಿನಕ್ಕೆ ಹತ್ತು ಬಾರಿ ಕೇಳಿಸುತ್ತದೆ. ಮದುವೆ ಹಾಲ್‌ನಲ್ಲಿ, ಶಾಲೆಯ ಗೇಟಿನ ಬಳಿ, ಬಸ್ಸು ಹತ್ತುವಾಗ ಹೇಳುತ್ತೇವೆ. ಹೇಳಿದವರೂ ಕಾಯುವುದಿಲ್ಲ, ಕೇಳಿದವರೂ ಬರುವುದಿಲ್ಲ. ಅದು ವಿದಾಯದ ಮಾತಾಗಿಬಿಟ್ಟಿದೆ. ಆದರೆ ಹೊಸದಾಗಿ ಪರಿಚಯವಾದ ಒಬ್ಬರನ್ನು ನಿಜವಾಗಿಯೂ ಕರೆಯಬೇಕೆಂದಾಗ ಏನು ಬರೆಯಬೇಕು? ನಮ್ಮ ಮಹಿಳಾ ತರಗತಿಗೆ ಬರುವ ಒಬ್ಬ ಸಹೋದರಿ ಇತ್ತೀಚೆಗೆ ಈ ಪ್ರಶ್ನೆ ತಂದಿದ್ದಳು. ಅವರ ಕಟ್ಟಡದ ಕೆಳಗಿನ ಮಹಡಿಗೆ ದಾವಣಗೆರೆ ಕಡೆಯ ಒಂದು ಹಿಂದೂ ಕುಟುಂಬ ಬಂದಿದೆ. ಆ ಮನೆಯಾಕೆಯೊಂದಿಗೆ ಮೆಟ್ಟಿಲಲ್ಲಿ ಎರಡು ಮೂರು ಬಾರಿ ಮಾತಾಗಿದೆ, ಫೋನ್ ನಂಬರೂ ಸಿಕ್ಕಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲು ಬರೆದಿಟ್ಟದ್ದನ್ನು ನನಗೆ ತೋರಿಸಿದಳು.

"ಅಕ್ಕಾ, ನೀವು ಬಂದು ತಿಂಗಳಾಯಿತು, ಇನ್ನೂ ನಮ್ಮ ಮನೆಗೆ ಕಾಲಿಟ್ಟಿಲ್ಲ. ಈ ಭಾನುವಾರ ಎಲ್ಲರೂ ಬರಲೇಬೇಕು. ನಿಮಗೋಸ್ಕರ ಏನಾದರೂ ವಿಶೇಷ ಮಾಡುತ್ತೇನೆ. ಇಲ್ಲ ಅನ್ನಬಾರದು, ಬೇಸರವಾಗುತ್ತದೆ."

ಪ್ರೀತಿಯಿಂದ ಬರೆದದ್ದೇ. ನಮ್ಮವರ ನಡುವೆ ಇದು ನಡೆಯುತ್ತದೆ, ಯಾಕೆಂದರೆ ನಮ್ಮಲ್ಲಿ ಮೊದಲ "ಬೇಡ" ಎಂಬುದು ಮರ್ಯಾದೆಯ "ಬೇಡ". ಮತ್ತೆ ಒತ್ತಾಯಿಸುತ್ತೇವೆ, ಮುಖ ನೋಡಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತೇವೆ. ಬರೆದ ಸಂದೇಶದಲ್ಲಿ ಮುಖ ಕಾಣುವುದಿಲ್ಲ. ಆಕೆ ಇದನ್ನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಓದುತ್ತಾಳೆ. ಮೊದಲ ಸಾಲು ಆಕೆಗೆ ದೂರಿನಂತೆ ಕೇಳಿಸುತ್ತದೆ, ಕೊನೆಯ ಸಾಲು ಬಾಗಿಲಿಗೆ ಚಿಲಕ ಹಾಕುತ್ತದೆ.

ಆಕೆಗೆ ಬರಲಾಗದಿರಲು ಎಷ್ಟೋ ಕಾರಣಗಳಿರಬಹುದು. ಆ ದಿನ ಉಪವಾಸ ಇರಬಹುದು. ಸಸ್ಯಾಹಾರಿಯಾಗಿದ್ದು, ನಮ್ಮ ಮನೆಯಲ್ಲಿ ಏನು ಕೊಡುತ್ತಾರೋ, ಬೇಡವೆಂದರೆ ನೊಂದುಕೊಳ್ಳುತ್ತಾರೋ ಎಂಬ ಅಳುಕಿರಬಹುದು. ಗಂಡನನ್ನೋ ಅತ್ತೆಯನ್ನೋ ಕೇಳಬೇಕಾಗಿರಬಹುದು. ಇನ್ನೊಂದು ಕಾರಣವನ್ನು ನಾವು ಬಹಳ ಸಲ ಮರೆಯುತ್ತೇವೆ. ಬರಿಗೈಯಲ್ಲಿ ಹೇಗೆ ಹೋಗುವುದು, ಹಣ್ಣು ಒಯ್ಯಬೇಕು, ಆಮೇಲೆ ಅವರನ್ನೂ ಕರೆಯಬೇಕು, ಅವರು ಅಷ್ಟು ಮಾಡಿದರೆ ನಾವೆಷ್ಟು ಮಾಡಬೇಕು ಎಂಬ ಲೆಕ್ಕ. ತಿಂಗಳ ಕೊನೆಯಲ್ಲಿ ಈ ಲೆಕ್ಕ ಭಾರವಾಗುತ್ತದೆ. ಇವುಗಳಲ್ಲಿ ಒಂದನ್ನೂ ಹೊಸ ಪರಿಚಯದವರ ಮುಂದೆ ಬಾಯಿಬಿಟ್ಟು ಹೇಳಲಾಗುವುದಿಲ್ಲ. ಆಗ ಉಳಿಯುವುದು ಸುಳ್ಳು ಹೇಳುವುದು, ಇಲ್ಲವೇ ಮೆಟ್ಟಿಲಲ್ಲಿ ನಮ್ಮನ್ನು ಕಂಡು ತಲೆ ತಗ್ಗಿಸಿ ಹೋಗುವುದು.

ಇದನ್ನು ಹೇಳಿದಾಗ ಅವಳು ಅಲ್ಲೇ ಕುಳಿತು ಇನ್ನೊಂದು ಬರೆದಳು: "ನಿಮಗೆ ಸಮಯವಿದ್ದರೆ, ಮನಸ್ಸಿದ್ದರೆ, ತೊಂದರೆಯಿಲ್ಲದಿದ್ದರೆ ಯಾವಾಗಲಾದರೂ ಬನ್ನಿ. ಬರದಿದ್ದರೂ ಪರವಾಗಿಲ್ಲ." ಇದೂ ಆಗಲಿಲ್ಲ. ದಿನವಿಲ್ಲ, ಹೊತ್ತಿಲ್ಲ. ಬರಬೇಕೆಂದು ಆಸೆಯಿದ್ದರೆ ಆಕೆಯೇ ದಿನ ಗೊತ್ತುಮಾಡಿ ಕೇಳಬೇಕು, ಹೊಸಬರು ಹಾಗೆ ಕೇಳುತ್ತಾರೆಯೇ? ಕೊನೆಯ ಮಾತಂತೂ ಬಂದರೂ ಒಂದೇ, ಬರದಿದ್ದರೂ ಒಂದೇ ಎಂದಂತಾಯಿತು.

ನಾನು ಅವಳಲ್ಲಿ ಕೆಲವು ಪ್ರಶ್ನೆ ಕೇಳಿದೆ. ಆಕೆಯೊಂದಿಗೆ ಏನು ಮಾತಾಗಿತ್ತು? ಬಾಲ್ಕನಿಯ ಮಲ್ಲಿಗೆ ಗಿಡ ಸೊರಗಿದ್ದನ್ನು ನೋಡಿ, ಸವರಿದರೆ ಚಿಗುರುತ್ತದೆ ಎಂದಿದ್ದರಂತೆ. ನೀನು ದಿನಾ ಯಾವಾಗ ಚಹಾ ಮಾಡುತ್ತೀ? ನಾಲ್ಕೂವರೆಗೆ. ಆಗ ಮನೆಯಲ್ಲಿ ಯಾರಿರುತ್ತಾರೆ? ಅತ್ತೆ ಮತ್ತು ನಾನು. ಆಮೇಲೆ? ಐದೂವರೆಗೆ ಮಗನನ್ನು ಟ್ಯೂಷನ್‌ಗೆ ಬಿಡಬೇಕು. ಬೇಕಾದದ್ದೆಲ್ಲ ಸಿಕ್ಕಿತು. ಕೊನೆಗೆ ಹೋದ ಸಂದೇಶ ಇದು, ಹೆಸರನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ:

"ನಮಸ್ಕಾರ ಅಕ್ಕಾ, ನಾನು ಎರಡನೇ ಮಹಡಿಯ ಮಲ್ಲಿಗೆ ಗಿಡದ ಮನೆಯವಳು. ಬುಧವಾರ ನಾಲ್ಕೂವರೆಗೆ ಒಂದು ಲೋಟ ಚಹಾ ಕುಡಿಯಲು ಬರುತ್ತೀರಾ? ನಾನು ದಿನಾ ಆ ಹೊತ್ತಿಗೆ ಮಾಡುತ್ತೇನೆ, ಜೊತೆಗೆ ಬಿಸ್ಕೆಟ್ ಅಷ್ಟೇ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ, ಐದೂವರೆಗೆ ಮಗನನ್ನು ಟ್ಯೂಷನ್‌ಗೆ ಬಿಡಲು ಹೊರಡುತ್ತೇನೆ. ಆಗದಿದ್ದರೆ 'ಆಗಲ್ಲ' ಎಂದರೆ ಸಾಕು, ಕಾರಣ ಬೇಡ. ನೀವು ಹೇಳಿದ ಹಾಗೆ ಗಿಡ ಸವರಿದ್ದೇನೆ, ಚಿಗುರು ಬಂದಿದೆ, ನಿಮಗೆ ತೋರಿಸಬೇಕು."

ಇದರಲ್ಲಿ "ದಿನಾ ಮಾಡುತ್ತೇನೆ" ಎಂಬ ಮಾತು ಅರ್ಧ ಕೆಲಸ ಮಾಡುತ್ತದೆ. ಆಕೆ ಬಂದರೂ ಬರದಿದ್ದರೂ ಒಲೆಯ ಮೇಲೆ ನೀರು ಇರುತ್ತದೆ, ಆಕೆಯ ಒಂದು "ಆಗಲ್ಲ"ದಿಂದ ಯಾರ ಅಡುಗೆಯೂ ವ್ಯರ್ಥವಾಗುವುದಿಲ್ಲ. ಆದರೆ ಅದು ನಿಜವಾಗಿರಬೇಕು. ಬಿಸ್ಕೆಟ್ ಎಂದು ಬರೆದು ಹೋದಾಗ ಆರು ಬಗೆಯ ತಿಂಡಿ ಇಟ್ಟರೆ ಮುಂದಿನ ಸಲ ನಿಮ್ಮ ಮಾತನ್ನು ಆಕೆ ನಂಬಲಾರಳು. (ನಮ್ಮ ಕರಾವಳಿಯ ಅತ್ತೆಯಂದಿರನ್ನು ಇದಕ್ಕೆ ಒಪ್ಪಿಸುವುದು ಸುಲಭವಲ್ಲವೆಂದು ನನಗೆ ಗೊತ್ತು.) ಹೊರಡುವ ಹೊತ್ತನ್ನು ಮೊದಲೇ ತಿಳಿಸಿದ್ದರಿಂದ ಯಾವಾಗ ಏಳಬೇಕೆಂಬ ಚಿಂತೆ ಇಲ್ಲ. ಮನೆಯಲ್ಲಿ ಗಂಡಸರಿಲ್ಲವೆಂದು ತಿಳಿದರೆ ಎಷ್ಟೋ ಹೆಂಗಸರಿಗೆ ನಿರಾಳ. ಮತ್ತು "ಆಗದಿದ್ದರೆ" ಎಂಬ ಮಾತು ಕೊನೆಯಲ್ಲಿಲ್ಲ ನೋಡಿ. ಕೊನೆಯಲ್ಲಿದ್ದರೆ ಓದಿ ಮುಗಿಸಿದಾಗ ಕಿವಿಯಲ್ಲಿ ಅದೇ ಉಳಿಯುತ್ತದೆ. ಇಲ್ಲಿ ಉಳಿಯುವುದು ಮಲ್ಲಿಗೆಯ ಚಿಗುರು, ಅಂದರೆ ಆಕೆಯ ಮಾತನ್ನು ಇವಳು ನೆನಪಿಟ್ಟದ್ದು. ಆದರದ ಪದಗಳನ್ನು ಎಷ್ಟು ತುಂಬಿದರೂ ಆ ಬೆಚ್ಚಗೆ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ. "ಬುಧವಾರ ಸಂಜೆ ಬಿಡುವಿದೆಯೇ?" ಎಂದು ಮಾತ್ರ ಮೊದಲು ಕೇಳಬೇಡಿ. ವಿಷಯ ತಿಳಿಯದೆ "ಇದೆ" ಎಂದವಳು ಆಮೇಲೆ "ಬರಲಾರೆ" ಎನ್ನುವುದು ಹೇಗೆ?

ಕರೆದವರಿಗೆ ಓಗೊಡುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕುಗಳಲ್ಲಿ ಒಂದೆಂದು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಆದರೆ ಸಹೀಹ್ ಮುಸ್ಲಿಮ್‌ನಲ್ಲಿ ಅನಸ್(ರ) ವರದಿ ಮಾಡಿದ ಇನ್ನೊಂದು ಘಟನೆಯೂ ಇದೆ. ಪ್ರವಾದಿ(ಸ)ರಿಗೆ ಪರ್ಶಿಯದ ಒಬ್ಬ ನೆರೆಯವನಿದ್ದ, ಸಾರು ಚೆನ್ನಾಗಿ ಮಾಡುತ್ತಿದ್ದ. ಒಮ್ಮೆ ಸಾರು ಮಾಡಿ ಕರೆಯಲು ಬಂದ. ಆಯಿಶಾ(ರ)ರೂ ಬರಬಹುದೇ ಎಂದು ಪ್ರವಾದಿ(ಸ) ಕೇಳಿದಾಗ ಅವನು ಇಲ್ಲವೆಂದ. ಹಾಗಾದರೆ ನಾನೂ ಇಲ್ಲವೆಂದರು ಪ್ರವಾದಿ(ಸ). ಎರಡನೇ ಸಲವೂ ಹಾಗೆಯೇ ಆಯಿತು. ಮೂರನೇ ಸಲ ಅವನು ಆಗಲಿ ಎಂದ, ಇಬ್ಬರೂ ಎದ್ದು ಹೊರಟರು. "ಇಲ್ಲ" ಎಂಬುದು ಆ ಕಡೆಯಿಂದಲೂ ಬಂತು, ಈ ಕಡೆಯಿಂದಲೂ ಬಂತು, ನೆರೆತನ ಕೆಡಲಿಲ್ಲ. ಇನ್ನೊಬ್ಬರ ಬಾಗಿಲಲ್ಲಿ ನಿಂತಾಗ ಮರಳಿ ಹೋಗಿ ಎಂದರೆ ಮರಳಬೇಕು, ಅದೇ ನಿಮಗೆ ಹೆಚ್ಚು ಪರಿಶುದ್ಧ ಎಂಬ ಅರ್ಥದ ಆದೇಶ ಸೂರಃ ಅನ್ನೂರ್‌ನ 28ನೇ ವಚನದಲ್ಲಿದೆ. ಈಗಿನ ಕಾಲದಲ್ಲಿ ಫೋನೂ ಒಂದು ಬಾಗಿಲೇ ಅಲ್ಲವೇ?

ಮಲ್ಲಿಗೆ ಗಿಡದ ಸಂದೇಶಕ್ಕೆ ಮರುದಿನ ಉತ್ತರ ಬಂತು: "ಬುಧವಾರ ಆಗಲ್ಲ." ಅಷ್ಟೇ. ಅವಳು ಏನು ಬರೆಯಲಿ ಎಂದು ಕೇಳಿದಳು. "ಆಯಿತು ಅಕ್ಕಾ, ತಿಳಿಸಿದ್ದು ಒಳ್ಳೆಯದಾಯಿತು" ಎಂದು ಬರೆದು ಸುಮ್ಮನಿರು ಎಂದೆ. ಯಾಕೆ ಎಂದು ಕೇಳಬಾರದು. ಹಾಗಾದರೆ ಗುರುವಾರ, ಶುಕ್ರವಾರ ಎಂದು ಬೆನ್ನು ಹತ್ತಲೂಬಾರದು, "ಕಾರಣ ಬೇಡ" ಎಂದು ಬರೆದದ್ದು ಆಗ ಸುಳ್ಳಾಗುತ್ತದೆ. ಉತ್ತರವೇ ಬರದಿದ್ದರೂ ಅದನ್ನು "ಆಗಲ್ಲ" ಎಂದೇ ತಿಳಿಯಬೇಕು. ನೀಲಿ ಗೆರೆ ಬಂದಿದೆ, ಓದಿದ್ದಾಳೆ ಎಂದು ಫೋನ್ ಮಾಡಿ ವಿಚಾರಿಸುವುದು ಬೇಡ. ಮೆಟ್ಟಿಲಲ್ಲಿ ಸಿಕ್ಕಿದರೆ ಮೊದಲಿನಂತೆ ಮಗುವಿನ ಶಾಲೆಯ ಮಾತು, ನೀರಿನ ಟ್ಯಾಂಕಿನ ಮಾತು.

ಎರಡು ಮೂರು ವಾರ ಕಳೆದು, ಹೊಸ ನೆಪವಿದ್ದರೆ, ಇನ್ನೊಮ್ಮೆ ಕರೆಯಬಹುದು. ಬರುವ ಮನಸ್ಸಿದ್ದವರು "ಅವತ್ತು ಆಗಲ್ಲ, ಶನಿವಾರ ಆಗಬಹುದಾ" ಎಂದು ತಾವೇ ದಿನ ಸೂಚಿಸುತ್ತಾರೆ. ನಮ್ಮವರಾದರೆ "ಇನ್ಶಾ ಅಲ್ಲಾಹ್, ನೋಡೋಣ" ಎನ್ನುತ್ತಾರೆ, ಅದರ ಹಿಂದೆ ದಿನ ಬರದಿದ್ದರೆ ಅದು ನಯವಾದ "ಇಲ್ಲ". ಎರಡು ಸಲ ಹಾಗಾದರೆ ಮೂರನೆಯದನ್ನು ಅವರಿಗೇ ಬಿಟ್ಟುಬಿಡಿ. ನಾಲ್ಕೂವರೆಗೆ ಯಾರ ಮನೆಯಲ್ಲಿ ಚಹಾ ಆಗುತ್ತದೆಂದು ಕೆಳಮಹಡಿಯವರಿಗೆ ಈಗ ಗೊತ್ತಿದೆ.